ಒಂದು ಉಸಿರಿನ ಲೆಕ್ಕ: ಸೀಲ್, ಕಡಲಸಿಂಹ ಮತ್ತು ಬಾವಿಗೆ ಧುಮುಕುವ ಹುಡುಗರು

(ಪುರವರದಲ್ಲಿ ವಿದ್ಯಾರ್ಥಿಗಳೂ ಸುತ್ತಣ ಗುಡ್ಡಸೀಮೆಯ ರೈತರೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆ ಚೆನ್ನಾಗಿ ಬಿದ್ದು ಕೆರೆ ಕೋಡಿ ಹರಿದ ವರ್ಷ ಈ ಸೀಮೆಯ ಹಳೆಯ ತೋಟದ ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿಕೊಳ್ಳುತ್ತದೆ. ನೀರಿನ ಹಿಂದೆಯೇ ಹುಡುಗರೂ ಬರುತ್ತಾರೆ. ದಡದ ಕಲ್ಲಿನಿಂದ ಧುಮುಕುವುದು, ತಳ ಮುಟ್ಟಿದ ಗುರುತಿಗೆ ಒಂದು ಹಿಡಿ ಕೆಸರು ತಂದು ತೋರಿಸುವುದು, ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಮೇಲೆ ಕುಳಿತವರು ಒಂದೆರಡು ಎಣಿಸುವುದು, ಇವೆಲ್ಲ ಹಳೆಯ ಆಟಗಳು. ಎಣಿಕೆ ಅರವತ್ತನ್ನು ದಾಟುವುದು ಅಪರೂಪ. ದಾಟಿದರೆ ದಡದವರಿಗೆ ಸೋಜಿಗ, ಸ್ವಲ್ಪ ಹೆದರಿಕೆ.

ಮನುಷ್ಯನಂತೆಯೇ ಗಾಳಿಯನ್ನು ಉಸಿರಾಡುವ, ಬಿಸಿರಕ್ತದ, ಮರಿ ಹಾಕಿ ಹಾಲೂಡಿಸುವ ಒಂದು ಪ್ರಾಣಿ ಅಂಟಾರ್ಕ್ಟಿಕದ ಕಡಲಿನಲ್ಲಿದೆ. ಅದು ಒಂದೇ ಉಸಿರಿನಲ್ಲಿ ಒಂದು ಗಂಟೆಗೂ ಮೀರಿ ನೀರಿನಡಿಯಲ್ಲಿರಬಲ್ಲದು. ಅದರ ಹೆಸರು ವೆಡೆಲ್ ಸೀಲ್. ಇದು ಹೇಗೆ ಸಾಧ್ಯವೆಂದು ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಅದರ ಎದೆಯಲ್ಲಿ ದೊಡ್ಡ ಶ್ವಾಸಕೋಶವಿರಬೇಕು, ಮುಳುಗುವ ಮುನ್ನ ಅದು ಬಹಳ ಗಾಳಿಯನ್ನು ತುಂಬಿಕೊಳ್ಳುತ್ತಿರಬೇಕು. ಈ ಉತ್ತರ ತಪ್ಪು. ಮುಳುಗುವ ಮುನ್ನ ಸೀಲ್ ಉಸಿರನ್ನು ಹೊರಕ್ಕೆ ಬಿಡುತ್ತದೆ.

ಇದು ಕೇವಲ ಪುಸ್ತಕದ ತಪ್ಪಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಎದೆ ತುಂಬ ಗಾಳಿ ಎಳೆದುಕೊಂಡಷ್ಟೂ ಹೆಚ್ಚು ಹೊತ್ತು ಮುಳುಗಿರಬಹುದೆಂಬ ನಂಬಿಕೆ ಬಾವಿಯ ಆಟದಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಆದ್ದರಿಂದ ಸೀಲಿನ ಉಸಿರಿನ ಲೆಕ್ಕವನ್ನು ಮೊದಲಿನಿಂದ ನೋಡಿ, ಕೊನೆಗೆ ಬಾವಿಯ ದಡಕ್ಕೆ ಮರಳುವುದು ಉಚಿತ.

ಕರಡಿಯ ದೂರದ ನೆಂಟರು

ಮಧುಗಿರಿ, ಪಾವಗಡಗಳ ಕಲ್ಲುಗುಡ್ಡಗಳಲ್ಲಿ ಕರಡಿಗಳಿರುವುದು ಇಲ್ಲಿಯವರಿಗೆಲ್ಲ ಗೊತ್ತು. ಮಾಂಸಾಹಾರಿ ಪ್ರಾಣಿಗಳ ದೊಡ್ಡ ಗುಂಪಿನಲ್ಲಿ ನಾಯಿ, ಕರಡಿ, ಹೊಳೆಯ ನೀರುನಾಯಿ ಇವು ಒಂದೇ ಕವಲಿಗೆ ಸೇರಿದವು. ಸೀಲೂ ಕಡಲಸಿಂಹವೂ ಅದೇ ಕವಲಿನವು. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದ ಪೂರ್ವಜರಿಂದಲೇ ಇವು ಬಂದಿವೆ. ಎರಡು ಕೋಟಿ ವರ್ಷಗಳಿಗೂ ಹಿಂದಿನ ಅಂಥದೊಂದು ಪ್ರಾಣಿಯ ಎಲುಬುಗಳು 2007ರಲ್ಲಿ ಕೆನಡಾದ ಉತ್ತರ ತುದಿಯ ದ್ವೀಪವೊಂದರಲ್ಲಿ ಸಿಕ್ಕವು. ವಿಜ್ಞಾನಿಗಳು ಅದಕ್ಕೆ ಪ್ಯುಜಿಲಾ ಎಂದು ಹೆಸರಿಟ್ಟರು. ಅದಕ್ಕೆ ಈಜುಗಾಲುಗಳಿನ್ನೂ ಬಂದಿರಲಿಲ್ಲ. ನೀರುನಾಯಿಯಂತೆ ನಾಲ್ಕು ಕಾಲು, ಉದ್ದ ಬಾಲವಿದ್ದು, ಬೆರಳುಗಳ ನಡುವೆ ಜಾಲಪೊರೆ ಇದ್ದಿರಬೇಕೆಂದು ಎಲುಬಿನ ರಚನೆಯಿಂದ ತಿಳಿಯುತ್ತದೆ. ನೀರಿಗೆ ಇಳಿದ ಈ ವಂಶ ಮುಂದೆ ಬೇರೆ ಬೇರೆ ಮನೆಗಳಾಯಿತು. ಅವುಗಳಲ್ಲಿ ಒಂದು ಸೀಲುಗಳ ಮನೆ, ಇನ್ನೊಂದು ಕಡಲಸಿಂಹಗಳ ಮನೆ.

ಇವೆರಡನ್ನು ಬೇರ್ಪಡಿಸಿ ಗುರುತಿಸಲು ಮೂರು ಲಕ್ಷಣಗಳು ಸಾಕು. ಮೊದಲನೆಯದು ಕಿವಿ. ಕಡಲಸಿಂಹಕ್ಕೆ ತಲೆಯ ಎರಡು ಬದಿಯಲ್ಲಿ ಚಿಕ್ಕ, ಮಡಿಸಿದಂಥ ಹೊರಕಿವಿಗಳಿವೆ. ಸೀಲಿಗೆ ಹೊರಕಿವಿ ಇಲ್ಲ, ಕಿವಿಯಿರುವ ಕಡೆ ಬರಿಯ ಒಂದು ಸಣ್ಣ ರಂಧ್ರ ಮಾತ್ರ. ಸೀಲಿಗೆ ಕಿವಿಯೇ ಕೇಳಿಸದೆಂದು ಇದರ ಅರ್ಥವಲ್ಲ. ನೀರಿನಡಿಯಲ್ಲಿ ಅದು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತದೆ.

ಎರಡನೆಯದು ನೆಲದ ಮೇಲಿನ ನಡಿಗೆ. ಕಡಲಸಿಂಹ ತನ್ನ ಹಿಂಗಾಲುಗಳನ್ನು ಮುಂದಕ್ಕೆ ತಿರುಗಿಸಿ ಹೊಟ್ಟೆಯ ಕೆಳಗೆ ಊರಬಲ್ಲದು. ಆದ್ದರಿಂದ ಅದು ನಾಲ್ಕು ಕಾಲಿನ ಮೇಲೆ ನಿಂತು ನಡೆಯುತ್ತದೆ, ಬಂಡೆ ಹತ್ತುತ್ತದೆ. ಸೀಲಿನ ಹಿಂಗಾಲುಗಳು ಸದಾ ಹಿಂದಕ್ಕೇ ಚಾಚಿಕೊಂಡಿರುತ್ತವೆ, ಮುಂದಕ್ಕೆ ಬರುವುದಿಲ್ಲ. ನೆಲದ ಮೇಲೆ ಅದು ಕಂಬಳಿಹುಳುವಿನ ಹಾಗೆ ಹೊಟ್ಟೆಯನ್ನು ಎತ್ತಿ ಹಾಕುತ್ತ ತೆವಳಬೇಕು. ಸರ್ಕಸ್ಸಿನಲ್ಲಿ ಮೂಗಿನ ಮೇಲೆ ಚೆಂಡು ನಿಲ್ಲಿಸಿ ಚಪ್ಪಾಳೆ ತಟ್ಟುವ ಪ್ರಾಣಿಯನ್ನು ಚಿತ್ರಗಳಲ್ಲಿ ನೋಡಿ ಸೀಲ್ ಎಂದು ಕರೆಯುವುದು ರೂಢಿಯಾಗಿದೆ. ಅದು ಬಹುಮಟ್ಟಿಗೆ ಕಡಲಸಿಂಹವೇ. ನೆಟ್ಟಗೆ ಕೂರಲಾಗದ ಸೀಲಿನಿಂದ ಆ ಆಟ ಆಗುವುದಿಲ್ಲ.

ಮೂರನೆಯದು ಈಜುವ ಬಗೆ. ಕಡಲಸಿಂಹ ತನ್ನ ಉದ್ದನೆಯ ಮುಂಗಾಲುಗಳನ್ನು ಹಕ್ಕಿ ರೆಕ್ಕೆ ಬಡಿದಂತೆ ಬಡಿಯುತ್ತ ಮುನ್ನುಗ್ಗುತ್ತದೆ. ಸೀಲ್ ಮುಂಗಾಲುಗಳನ್ನು ಮೈಗೆ ಅವಚಿಕೊಂಡು, ಹಿಂಗಾಲುಗಳನ್ನು ಮೀನಿನ ಬಾಲದಂತೆ ಎಡಕ್ಕೂ ಬಲಕ್ಕೂ ಬೀಸುತ್ತದೆ. ಒಂದು ಓಡಲು, ಥಟ್ಟನೆ ತಿರುಗಲು ಹೇಳಿಮಾಡಿಸಿದ ಮೈ. ಇನ್ನೊಂದು ಅವಸರವಿಲ್ಲದೆ ಆಳಕ್ಕೆ ಜಾರಲು ಹೇಳಿಮಾಡಿಸಿದ ಮೈ. ಉಸಿರಿನ ವಿಷಯದಲ್ಲಿ ಇವೆರಡೂ ಹಿಡಿದ ಬೇರೆ ದಾರಿಗಳಿಗೆ ಈ ಮೈಕಟ್ಟೂ ಹೊಂದಿಕೊಂಡಿದೆ.

ಮಂಜಿನಲ್ಲಿ ಕೊರೆದ ಒಂದು ರಂಧ್ರ

ಕರ್ನಾಟಕದ ಕರಾವಳಿಯಲ್ಲಿ ಸೀಲುಗಳಿಲ್ಲ. ಆದರೆ ಭಾರತದ ವಿಜ್ಞಾನಿಗಳಿಗೆ ಅವು ಅಪರಿಚಿತವಲ್ಲ. ಎಸ್. ಝಡ್. ಕಾಸಿಂ ಅವರ ನೇತೃತ್ವದಲ್ಲಿ ಹೊರಟ ಭಾರತದ ಮೊದಲ ತಂಡ 1982ರ ಜನವರಿಯಲ್ಲಿ ಅಂಟಾರ್ಕ್ಟಿಕವನ್ನು ಮುಟ್ಟಿತು. 2012ರಲ್ಲಿ ಆರಂಭವಾದ ಭಾರತಿ ಎಂಬ ಸಂಶೋಧನಾ ಕೇಂದ್ರ ಅಲ್ಲಿನ ಲಾರ್ಸೆಮನ್ ಗುಡ್ಡಗಳಲ್ಲಿ, ಕಡಲಿನ ಅಂಚಿನಲ್ಲೇ ಇದೆ. ಆ ತೀರದಲ್ಲಿ ಕಡಲಿನ ಮೇಲೆ ಹೆಪ್ಪುಗಟ್ಟಿ, ನೆಲಕ್ಕೆ ಅಂಟಿ ನಿಲ್ಲುವ ಮಂಜಿನ ಹಾಸಿನ ಮೇಲೆ ವೆಡೆಲ್ ಸೀಲುಗಳು ಮರಿ ಹಾಕುತ್ತವೆ.

ಬೆಳೆದ ವೆಡೆಲ್ ಸೀಲ್ ಸುಮಾರು 3 ಮೀಟರ್ ಉದ್ದ, 400ರಿಂದ 500 ಕಿಲೊ ತೂಕವಿರುತ್ತದೆ. ಅದರ ಬೇಟೆ ನಡೆಯುವುದು ಮಂಜಿನ ಹಾಸಿನ ಅಡಿಯಲ್ಲಿ. ಮೇಲೆ ಮೀಟರುಗಟ್ಟಲೆ ದಪ್ಪದ ಮಂಜು ಇರುವಾಗ ಬೇಕೆಂದ ಕಡೆ ತಲೆಯೆತ್ತಿ ಉಸಿರಾಡಲಾಗದು. ಮಂಜಿನಲ್ಲಿರುವ ಬಿರುಕು ಅಥವಾ ರಂಧ್ರಕ್ಕೆ ಅದು ಮರಳಿ ಬರಲೇಬೇಕು. ಆ ರಂಧ್ರ ಮತ್ತೆ ಹೆಪ್ಪುಗಟ್ಟದಂತೆ ಅದು ತನ್ನ ಮುಂದಿನ ಹಲ್ಲುಗಳಿಂದ ಅಂಚನ್ನು ಉಜ್ಜುತ್ತಲೇ ಇರುತ್ತದೆ. ವರ್ಷಗಳುರುಳಿದಂತೆ ಹಲ್ಲು ಸವೆಯುತ್ತದೆ. ಹಲ್ಲು ಸವೆದ ಸೀಲಿಗೆ ರಂಧ್ರವನ್ನು ತೆರೆದಿಡುವುದೂ ಕಷ್ಟ, ಮೀನು ಹಿಡಿಯುವುದೂ ಕಷ್ಟ. ಉಸಿರಿಗಾಗಿ ತೆರುವ ಬೆಲೆ ಹಲ್ಲಿನಿಂದಲೇ ಆರಂಭವಾಗುತ್ತದೆ.

ಈ ಪ್ರಾಣಿಯ ಇದೇ ಕಷ್ಟವನ್ನು ವಿಜ್ಞಾನಿಗಳು ಅನುಕೂಲಕ್ಕೆ ತಿರುಗಿಸಿಕೊಂಡರು. 1960ರ ದಶಕದಿಂದ ಅಮೆರಿಕದ ಜೆರಾಲ್ಡ್ ಕೂಯ್‌ಮನ್ ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಎಂಬಲ್ಲಿ ಒಂದು ಸರಳ ಏರ್ಪಾಡು ಮಾಡಿದರು. ಬೇರೆ ಯಾವ ಬಿರುಕೂ ಹತ್ತಿರವಿಲ್ಲದ ಕಡೆ ಮಂಜಿನ ಹಾಸಿನಲ್ಲಿ ಒಂದು ರಂಧ್ರ ಕೊರೆದು, ಒಂದು ಸೀಲನ್ನು ಅಲ್ಲಿಗೆ ತಂದು ನೀರಿಗೆ ಬಿಡುವುದು. ಮೈಮೇಲೆ ಹೊತ್ತನ್ನೂ ಆಳವನ್ನೂ ದಾಖಲಿಸುವ ಒಂದು ಚಿಕ್ಕ ಉಪಕರಣ. ಸೀಲ್ ತನಗಿಷ್ಟ ಬಂದಷ್ಟು ದೂರ ಹೋಗಬಹುದು, ಆದರೆ ಉಸಿರಾಡಲು ಅದೇ ರಂಧ್ರಕ್ಕೆ ಬರಬೇಕು. ಬಂದಾಗ ಉಪಕರಣವನ್ನು ತೆಗೆದು ನೋಡಬಹುದು, ಒಂದಿಷ್ಟು ರಕ್ತವನ್ನೂ ಪರೀಕ್ಷೆಗೆ ಪಡೆಯಬಹುದು.

ಹೆಚ್ಚಿನ ಮುಳುಗುಗಳು 20 ನಿಮಿಷಕ್ಕಿಂತ ಕಡಿಮೆಯವೆಂದು ಈ ಅಧ್ಯಯನಗಳು ತೋರಿಸಿದವು. ಅಪರೂಪಕ್ಕೊಮ್ಮೆ ಮಾತ್ರ ಅದು ಒಂದು ಗಂಟೆಯನ್ನು ಮೀರಿ ಹೋಗುತ್ತಿತ್ತು. ಈ 20 ನಿಮಿಷದ ಗೆರೆ ಎಲ್ಲಿಂದ ಬಂತೆಂಬುದೇ ಮುಂದಿನ ಪ್ರಶ್ನೆ.

ಗಾಳಿ ಎಲ್ಲಿದೆ?

60 ಕಿಲೊ ತೂಕದ ಒಬ್ಬ ಮನುಷ್ಯನನ್ನು ತೆಗೆದುಕೊಳ್ಳೋಣ. ಅವನ ಶ್ವಾಸಕೋಶ, ರಕ್ತ, ಸ್ನಾಯು ಎಲ್ಲದರಲ್ಲೂ ಇರುವ ಆಮ್ಲಜನಕವನ್ನು ಒಟ್ಟು ಸೇರಿಸಿದರೆ ಪ್ರತಿ ಕಿಲೊ ತೂಕಕ್ಕೆ ಸುಮಾರು 20 ಮಿಲಿಲೀಟರಿನಂತೆ 1.2 ಲೀಟರ್ ಆಗುತ್ತದೆ. ಸುಮ್ಮನೆ ಕುಳಿತಿದ್ದರೆ ಅವನು ನಿಮಿಷಕ್ಕೆ ಕಾಲು ಲೀಟರ್ ಖರ್ಚು ಮಾಡುತ್ತಾನೆ. ಕೈಕಾಲು ಬಡಿದು ಈಜುವಾಗ ಒಂದು ಲೀಟರಿಗೂ ಹೆಚ್ಚು. ದಾಸ್ತಾನು ಪೂರ್ತಿ ಬರಿದಾಗುವವರೆಗೆ ಅವನು ಕಾಯುವಂತೆಯೂ ಇಲ್ಲ, ಏಕೆಂದರೆ ಅದಕ್ಕೆ ಬಹಳ ಮೊದಲೇ ಮಿದುಳು ಎಚ್ಚರ ತಪ್ಪುತ್ತದೆ. ಬಾವಿಯ ದಡದ ಎಣಿಕೆ ಅರವತ್ತರ ಆಸುಪಾಸಿನಲ್ಲಿ ನಿಲ್ಲುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಈಗ 400 ಕಿಲೊ ತೂಕದ ವೆಡೆಲ್ ಸೀಲ್. ಅದರ ಮೈಯಲ್ಲಿ ಪ್ರತಿ ಕಿಲೊ ತೂಕಕ್ಕೆ ಸುಮಾರು 87 ಮಿಲಿಲೀಟರ್, ಅಂದರೆ ಮನುಷ್ಯನ ನಾಲ್ಕು ಪಟ್ಟಿಗೂ ಮೀರಿದ ಆಮ್ಲಜನಕವಿದೆ. ಒಟ್ಟು ಸುಮಾರು 35 ಲೀಟರ್. ಇದರಲ್ಲಿ ಶ್ವಾಸಕೋಶದಲ್ಲಿರುವುದು ನೂರಕ್ಕೆ 5 ಪಾಲು ಮಾತ್ರ. ಉಳಿದುದೆಲ್ಲ ರಕ್ತದಲ್ಲೂ ಸ್ನಾಯುಗಳಲ್ಲೂ ಇದೆ. ಹಾಗಾಗಿ ಮುಳುಗುವ ಮುನ್ನ ಉಸಿರನ್ನು ಹೊರಬಿಟ್ಟರೂ ಅದು ಕಳೆದುಕೊಳ್ಳುವುದು ಅತ್ಯಲ್ಪ.

ಇದನ್ನು ಒಕ್ಕಲು ಮನೆಯ ರಾಗಿಯ ದಾಸ್ತಾನಿಗೆ ಹೋಲಿಸಬಹುದು. ರಕ್ತ ರಾಗಿ ಸಾಗಿಸುವ ಗಾಡಿ. ಅದರಲ್ಲಿರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಆಮ್ಲಜನಕವನ್ನು ಹೊತ್ತು ಒಯ್ಯುತ್ತದೆ. ಮನುಷ್ಯನಿಗೆ ಪ್ರತಿ ಕಿಲೊ ತೂಕಕ್ಕೆ ಸುಮಾರು 70 ಮಿಲಿಲೀಟರ್ ರಕ್ತವಿದ್ದರೆ, ಈ ಸೀಲಿಗೆ ಸುಮಾರು 200 ಮಿಲಿಲೀಟರ್. ಗಾಡಿಗಳ ಸಂಖ್ಯೆಯೂ ಹೆಚ್ಚು, ಪ್ರತಿ ಗಾಡಿಯ ಹೊರೆಯೂ ಹೆಚ್ಚು, ಏಕೆಂದರೆ ಆ ರಕ್ತದಲ್ಲಿ ಕೆಂಪು ಕಣಗಳು ಒತ್ತಾಗಿರುತ್ತವೆ. ರಕ್ತ ಅಷ್ಟು ಗಟ್ಟಿಯಾದರೆ ಹರಿಯುವುದು ಕಷ್ಟವಾಗದೆ? ಆಗುತ್ತದೆ. ಆದ್ದರಿಂದ ಸೀಲ್ ವಿಶ್ರಾಂತಿಯಲ್ಲಿರುವಾಗ ಕೆಂಪು ಕಣಗಳ ಒಂದು ದೊಡ್ಡ ಪಾಲನ್ನು ಗುಲ್ಮದಲ್ಲಿ, ಕಣಜದಲ್ಲಿಟ್ಟಂತೆ, ಕೂಡಿಟ್ಟಿರುತ್ತದೆ. ಮುಳುಗುವಾಗ ಗುಲ್ಮ ಕುಗ್ಗಿ ಆ ಕಣಗಳನ್ನು ರಕ್ತಕ್ಕೆ ಬಿಡುತ್ತದೆ.

ಸ್ನಾಯುಗಳದು ಇನ್ನೊಂದು ಏರ್ಪಾಡು. ಅಲ್ಲಿ ಮಯೋಗ್ಲೋಬಿನ್ ಎಂಬ ವಸ್ತು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದು ಪ್ರತಿ ಮನೆಯ ನೆಲದಡಿಯ ಹಗೇವು ಇದ್ದಂತೆ, ಗಾಡಿ ಬಾರದಿದ್ದರೂ ಮನೆಯವರು ತಮ್ಮ ಹಗೇವಿನಿಂದ ತೆಗೆದು ಉಣ್ಣಬಹುದು. ಸೀಲಿನ ಸ್ನಾಯುವಿನಲ್ಲಿ ಇದು ಮನುಷ್ಯನದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಅದರ ಮಾಂಸ ಹೆಚ್ಚುಕಡಿಮೆ ಕಪ್ಪಾಗಿ ಕಾಣುವುದು ಇದರಿಂದಲೇ. ಇಷ್ಟು ಒತ್ತಾಗಿ ತುಂಬಿದ ವಸ್ತು ಒಂದಕ್ಕೊಂದು ಅಂಟಿ ಗಂಟು ಕಟ್ಟಬೇಕಿತ್ತು. ಆಳಕ್ಕಿಳಿಯುವ ಸಸ್ತನಿಗಳ ಮಯೋಗ್ಲೋಬಿನ್ನಿನ ಮೇಲ್ಮೈಯಲ್ಲಿ ಧನ ವಿದ್ಯುದಂಶ ಹೆಚ್ಚಾಗಿದ್ದು, ಒಂದು ಅಣು ಇನ್ನೊಂದನ್ನು ದೂರ ತಳ್ಳುವುದರಿಂದ ಹಾಗಾಗುವುದಿಲ್ಲವೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು.

ದಾಸ್ತಾನಿಗಿಂತ ಖರ್ಚಿನ ಹಿಡಿತ ಮುಖ್ಯ

ದೊಡ್ಡ ದಾಸ್ತಾನು ಅರ್ಧ ಕಥೆ ಮಾತ್ರ. ಬರಗಾಲದಲ್ಲಿ ಮನೆಯ ಯಜಮಾನಿ ಮಾಡುವುದೇನೆಂದು ಯೋಚಿಸಿದರೆ ಉಳಿದರ್ಧ ತಿಳಿಯುತ್ತದೆ. ಅವಳು ಯಾರಿಗೆ ಮೊದಲು ಬಡಿಸಬೇಕು, ಯಾರು ಸ್ವಲ್ಪ ಕಾಯಬಲ್ಲರು ಎಂದು ನಿಶ್ಚಯಿಸುತ್ತಾಳೆ.

ಸೀಲ್ ಮುಳುಗಿದೊಡನೆ ಅದರ ಎದೆಬಡಿತ ನಿಧಾನವಾಗುತ್ತದೆ. ಜತೆಗೇ ಚರ್ಮ, ಕರುಳು, ಮೂತ್ರಪಿಂಡ, ಸ್ನಾಯುಗಳಿಗೆ ಹೋಗುವ ರಕ್ತನಾಳಗಳು ಸಂಕುಚಿಸುತ್ತವೆ. ಸ್ನಾಯುಗಳು ತಮ್ಮ ಹಗೇವನ್ನೇ ನೆಚ್ಚಿಕೊಳ್ಳುತ್ತವೆ. ಕಾಯಲಾರದ ಅಂಗಗಳಾದ ಮಿದುಳಿಗೂ ಹೃದಯಕ್ಕೂ ರಕ್ತ ನಿಲ್ಲದೆ ಹರಿಯುತ್ತದೆ. ಇದನ್ನು ಮೊದಲಿಗೆ ವಿಸ್ತಾರವಾಗಿ ಅಳೆದವರು ಪರ್ ಸ್ಕೊಲಾಂಡರ್. ಅವರ ಪ್ರಬಂಧ 1940ರಲ್ಲಿ ಪ್ರಕಟವಾಯಿತು. ಆದರೆ ಆಗಿನ ಪ್ರಯೋಗಗಳಲ್ಲಿ ಪ್ರಾಣಿಯನ್ನು ಕಟ್ಟಿ ಬಲವಂತವಾಗಿ ನೀರಿನಲ್ಲಿ ಮುಳುಗಿಸುತ್ತಿದ್ದರು. ಮತ್ತೆ ಯಾವಾಗ ಉಸಿರು ಸಿಗುವುದೆಂದು ತಿಳಿಯದ ಪ್ರಾಣಿ ಅತಿಯಾದ ಜಿಪುಣತನವನ್ನು ತೋರುತ್ತಿತ್ತು. ಮಂಜಿನ ರಂಧ್ರದಿಂದ ತಾನಾಗಿ ಮುಳುಗುವ ಸೀಲಿನಲ್ಲಿ ಎದೆಬಡಿತ ಅಷ್ಟೊಂದು ಇಳಿಯುವುದಿಲ್ಲ. ಚಿಕ್ಕ ಮುಳುಗಿಗೆ ಅಲ್ಪ ಹಿಡಿತ, ದೀರ್ಘ ಮುಳುಗಿಗೆ ಬಿಗಿ ಹಿಡಿತ, ಹೀಗೆ ಕೆಲಸಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಈ ಮಿತವ್ಯಯದಿಂದ 400 ಕಿಲೊದ ಸೀಲ್ ಈಜುತ್ತಲೇ ನಿಮಿಷಕ್ಕೆ ಒಂದೂಮುಕ್ಕಾಲು ಲೀಟರಿನಷ್ಟರಲ್ಲಿ ಸಂಸಾರ ತೂಗಿಸುತ್ತದೆ. 35 ಲೀಟರನ್ನು ಒಂದೂಮುಕ್ಕಾಲರಿಂದ ಭಾಗಿಸಿದರೆ 20 ನಿಮಿಷ ಬರುತ್ತದೆ. ಮಂಜಿನ ರಂಧ್ರದ ಬಳಿ ಕಂಡ ಗೆರೆ ಇದೇ.

ಹಾಗಾದರೆ ಒಂದು ಗಂಟೆಯ ಮುಳುಗು ಹೇಗೆ? ಅದು ಸಾಲದ ಬದುಕು. 20 ನಿಮಿಷ ದಾಟಿದ ಮೇಲೆ ಸ್ನಾಯುಗಳ ಹಗೇವು ಬರಿದಾಗಿ, ಅವು ಆಮ್ಲಜನಕವಿಲ್ಲದೆಯೇ ಶಕ್ತಿಯನ್ನು ಪಡೆಯತೊಡಗುತ್ತವೆ. ಆಗ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಕೂಯ್‌ಮನ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ನಿಮಿಷದೊಳಗೆ ಮರಳಿದ ಸೀಲುಗಳ ರಕ್ತದಲ್ಲಿ ಈ ಆಮ್ಲ ಹೆಚ್ಚಿರಲಿಲ್ಲ. ಅದನ್ನು ದಾಟಿದವುಗಳ ರಕ್ತದಲ್ಲಿ, ದಾಟಿದ ಹೊತ್ತಿಗೆ ತಕ್ಕಂತೆ, ಏರುತ್ತ ಹೋಗಿತ್ತು. ಮೇಲೆ ಬಂದ ಸೀಲ್ ಆ ಸಾಲ ತೀರುವವರೆಗೆ ವಿಶ್ರಮಿಸಬೇಕು. 45 ನಿಮಿಷದ ಮುಳುಗಿನ ಸಾಲ ತೀರಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ನೋಡಬಹುದು. ಒಂದು ಸೀಲ್ 45 ನಿಮಿಷ ಮುಳುಗಿ, ಸಾಲ ತೀರಿಸಲು ಸುಮಾರು 70 ನಿಮಿಷ ಮಂಜಿನ ಬಳಿ ಉಳಿಯಿತೆಂದುಕೊಳ್ಳೋಣ. ಹೆಚ್ಚುಕಡಿಮೆ ಎರಡು ಗಂಟೆಯಲ್ಲಿ ಅದಕ್ಕೆ ಬೇಟೆಗೆ ಸಿಕ್ಕಿದ್ದು 45 ನಿಮಿಷ. ಇನ್ನೊಂದು ಸೀಲ್ 15 ನಿಮಿಷ ಮುಳುಗಿ, ನಾಲ್ಕೈದು ನಿಮಿಷ ಉಸಿರಾಡಿ, ಮತ್ತೆ ಮುಳುಗುತ್ತದೆ. ಅದೇ ಎರಡು ಗಂಟೆಯಲ್ಲಿ ಅದಕ್ಕೆ ಸಿಕ್ಕಿದ್ದು ಸುಮಾರು 90 ನಿಮಿಷ. ಉದ್ದ ಉಸಿರು ಹಿಡಿಯುವ ಶಕ್ತಿಯಿದ್ದರೂ ಅದನ್ನು ನಿತ್ಯದ ಬದುಕಿನಲ್ಲಿ ಬಳಸದಿರುವುದು ಹೀಗೆ ಲಾಭದಾಯಕ. ದೀರ್ಘ ಮುಳುಗು ಹೊಸ ರಂಧ್ರವನ್ನು ಹುಡುಕುವಂಥ ಅಗತ್ಯಕ್ಕೆ ಮೀಸಲಾದ ಆಪದ್ಧನ.

ಉಸಿರು ಬಿಟ್ಟು ಮುಳುಗುವುದೇಕೆ?

ಆಳಕ್ಕಿಳಿದಂತೆ ಪ್ರತಿ 10 ಮೀಟರಿಗೆ ಮೇಲಿನ ವಾಯುಮಂಡಲದಷ್ಟೇ ಇನ್ನೊಂದು ಒತ್ತಡ ಸೇರುತ್ತದೆ. ಎದೆಯಲ್ಲಿ ಗಾಳಿಯಿದ್ದರೆ ಆ ಒತ್ತಡದಲ್ಲಿ ಅದರೊಳಗಿನ ಸಾರಜನಕ ರಕ್ತದಲ್ಲಿ ಕರಗುತ್ತದೆ. ಬೇಗನೆ ಮೇಲೆ ಬಂದಾಗ ಅದು ಗುಳ್ಳೆಗಳಾಗಿ ಹೊರಬಿದ್ದು ನರಗಳಿಗೂ ಕೀಲುಗಳಿಗೂ ಹಾನಿ ಮಾಡಬಲ್ಲದು. ಕೊಳವೆಯಿಂದ ಗಾಳಿ ಪಡೆಯುತ್ತ ಆಳದಲ್ಲಿ ಕೆಲಸ ಮಾಡುವ ಮುಳುಗುಗಾರರನ್ನು ಕಾಡುವ ರೋಗವಿದು.

ಸೀಲ್ ಇದನ್ನು ಮೊದಲೇ ತಪ್ಪಿಸಿಕೊಳ್ಳುತ್ತದೆ. ಅದರ ಪಕ್ಕೆಲುಬುಗಳ ಗೂಡು ಬಾಗಬಲ್ಲದು. 25ರಿಂದ 50 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ವೆಡೆಲ್ ಸೀಲಿನ ಶ್ವಾಸಕೋಶದ ಗಾಳಿಗೂಡುಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ. ಉಳಿದ ಅಷ್ಟಿಷ್ಟು ಗಾಳಿ ರಕ್ತಕ್ಕೆ ಬೆರೆಯದ ಶ್ವಾಸನಾಳಗಳಿಗೆ ಸರಿಯುತ್ತದೆ. ಗಾಳಿಯೇ ರಕ್ತಕ್ಕೆ ತಗಲದಿದ್ದ ಮೇಲೆ ಸಾರಜನಕ ಕರಗುವ ಮಾತೆಲ್ಲಿ? ಮೈಯಲ್ಲಿ ಗಾಳಿ ಕಡಿಮೆಯಿರುವುದರಿಂದ ತೇಲುವ ಗುಣವೂ ಕಡಿಮೆಯಾಗಿ, ಅದು ಹೆಚ್ಚು ಶ್ರಮವಿಲ್ಲದೆ ಕೆಳಕ್ಕೆ ಜಾರುತ್ತದೆ.

ಕಡಲಸಿಂಹದ ದಾರಿ ಬೇರೆ. ಅದರ ಒಟ್ಟು ದಾಸ್ತಾನು ಪ್ರತಿ ಕಿಲೊ ತೂಕಕ್ಕೆ ವೆಡೆಲ್ ಸೀಲಿನ ಸುಮಾರು ಅರ್ಧ. ಅದು ಉಸಿರನ್ನು ಒಳಗೆಳೆದುಕೊಂಡೇ ಮುಳುಗುತ್ತದೆ, ದಾಸ್ತಾನಿನಲ್ಲಿ ಶ್ವಾಸಕೋಶದ ಪಾಲು ಹೆಚ್ಚು. ಕ್ಯಾಲಿಫೋರ್ನಿಯದ ಕಡಲಸಿಂಹವೊಂದರ ಮೇಲಿನ ಅಧ್ಯಯನದಲ್ಲಿ ಸುಮಾರು 225 ಮೀಟರ್ ಆಳಕ್ಕೆ ಹೋದ ಮೇಲಷ್ಟೇ ಗಾಳಿಗೂಡುಗಳು ಮುಚ್ಚಿದ್ದು ಕಂಡುಬಂತು. ಮೇಲೆ ಬರುವಾಗ ಅವು ಮತ್ತೆ ತೆರೆದು, ಉಳಿಸಿಟ್ಟ ಆಮ್ಲಜನಕ ರಕ್ತಕ್ಕೆ ಒದಗಿ ಮಿದುಳನ್ನು ಕಾಯುತ್ತದೆ. ಅದು ಮುಳುಗುವುದು ಸಾಮಾನ್ಯವಾಗಿ ಎರಡು ಮೂರು ನಿಮಿಷ, ಅಪರೂಪಕ್ಕೆ ಹತ್ತು ನಿಮಿಷದ ಆಸುಪಾಸು. ಮೇಲ್ಮಟ್ಟದ ನೀರಿನಲ್ಲಿ ಮೀನಿನ ಹಿಂಡನ್ನು ಅಟ್ಟಿ ಹಿಡಿಯುವ ಪ್ರಾಣಿಗೆ ಇದು ಸಾಕು.

ದಾಸ್ತಾನಿಗೂ ಕೊನೆಯಿದೆ

ಉಸಿರು ಹಿಡಿಯುವ ಯಾವ ಪ್ರಾಣಿಯೂ ಈ ಲೆಕ್ಕದಿಂದ ಹೊರತಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ, ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ಅವು ಆಳಕ್ಕಿಳಿಯುವ ಪ್ರಾಣಿಗಳಲ್ಲ, ಕೆಲವೇ ನಿಮಿಷಗಳಿಗೊಮ್ಮೆ ಮೇಲೆ ಬರಬೇಕಾದವು. ಗೋಡೆಯಂತೆ ನೀರಿನಲ್ಲಿ ಇಳಿಬಿಟ್ಟ ಸಣ್ಣ ನೂಲಿನ ಬಲೆಗೆ ಅಂಥದೊಂದು ಸಿಕ್ಕಿಕೊಂಡರೆ ಅದು ಬಿಡಿಸಿಕೊಳ್ಳಲು ಒದ್ದಾಡುತ್ತದೆ. ಒದ್ದಾಡಿದಷ್ಟೂ ಖರ್ಚು ಹೆಚ್ಚು. ಬಲೆಯನ್ನು ಗಂಟೆಗಳ ಅನಂತರ ಎತ್ತುವ ಬೆಸ್ತನಿಗೆ ಸಿಗುವುದು ಸತ್ತ ಡಾಲ್ಫಿನ್. ಅವನಿಗೆ ಅದನ್ನು ಕೊಲ್ಲುವ ಉದ್ದೇಶವಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಡಾಲ್ಫಿನ್‌ಗಳಿಗೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿದೆ. ಆದರೆ ಬಲೆಯಲ್ಲಿ ಸಿಕ್ಕ ಪ್ರಾಣಿಗೆ ಉಳಿದಿರುವುದು ಕೆಲವು ನಿಮಿಷಗಳ ಆಮ್ಲಜನಕ ಮಾತ್ರ. ಬಲೆಯ ಬಳಿಯೇ ದೋಣಿಯಿದ್ದು ಬೇಗ ಬೇಗ ನೋಡುತ್ತಿದ್ದರೆ ಮಾತ್ರ ಅದನ್ನು ಬದುಕಿಸಲು ಸಾಧ್ಯ.

ಮತ್ತೆ ಬಾವಿಯ ದಡಕ್ಕೆ

ಮನುಷ್ಯನಲ್ಲೂ ಸೀಲಿನ ಏರ್ಪಾಡಿನ ಒಂದು ಮಸುಕಾದ ನೆರಳಿದೆ. ತಣ್ಣೀರು ಮುಖಕ್ಕೆ ತಾಗಿ ಉಸಿರು ನಿಂತಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಆದರೆ ದಾಸ್ತಾನು ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ನೀರಿನಡಿಯಲ್ಲಿ ಎದೆ ಬಿರಿದಂತಾಗಿ ಮೇಲೆ ಬಾ ಎಂದು ಮೈ ಕೂಗುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದಕ್ಕೆ. ಈಗ ಒಬ್ಬ ಹುಡುಗ ಪಂದ್ಯ ಗೆಲ್ಲಲೆಂದು ಧುಮುಕುವ ಮುನ್ನ ಇಪ್ಪತ್ತು ಮೂವತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಾನೆಂದುಕೊಳ್ಳಿ. ಅವನ ರಕ್ತದ ಹಿಮೋಗ್ಲೋಬಿನ್ ಮೊದಲೇ ನೂರಕ್ಕೆ 97ರಷ್ಟು ಆಮ್ಲಜನಕದಿಂದ ತುಂಬಿತ್ತು. ಹಾಗಾಗಿ ಅದರಲ್ಲಿ ಹೆಚ್ಚಳವಾಗುವುದು ಅತ್ಯಲ್ಪ. ಆದರೆ ಇಂಗಾಲದ ಡೈಆಕ್ಸೈಡ್ ಬಹಳವಾಗಿ ಹೊರಹೋಗುತ್ತದೆ. ದಾಸ್ತಾನು ಹೆಚ್ಚಲಿಲ್ಲ, ಕೂಗುವ ಕಾವಲುಗಾರ ಮಾತ್ರ ನಿದ್ದೆಹೋದ. ಹುಡುಗನಿಗೆ ನೀರಿನಡಿಯಲ್ಲಿ ಹಿತವಾಗಿಯೇ ಇರುತ್ತದೆ. ಇನ್ನೂ ಇರಬಲ್ಲೆನೆನಿಸುತ್ತದೆ. ಎಚ್ಚರಿಕೆ ಬರುವ ಮುನ್ನವೇ ಆಮ್ಲಜನಕ ಮಿದುಳಿಗೆ ಸಾಲದಷ್ಟು ಇಳಿದು ಪ್ರಜ್ಞೆ ತಪ್ಪುತ್ತದೆ. ಆಳದಿಂದ ಮೇಲೆ ಬರುವಾಗ ಒತ್ತಡ ಇಳಿದು ರಕ್ತಕ್ಕೆ ಸಿಗುವ ಆಮ್ಲಜನಕ ಇನ್ನೂ ಕುಸಿಯುವುದರಿಂದ, ನೀರಿನ ಮೇಲ್ಮೈ ಒಂದೆರಡು ಮಾರು ಇರುವಾಗಲೇ ಇದು ಸಂಭವಿಸಬಹುದು. ಪ್ರಜ್ಞೆ ತಪ್ಪಿದವನು ಉಸಿರೆಳೆಯುತ್ತಾನೆ, ಆಗ ಒಳಹೋಗುವುದು ನೀರು. ಚೆನ್ನಾಗಿ ಈಜು ಬಲ್ಲವರೇ ಹೀಗೆ ಸಾಯುವುದು.

ಇದರ ಕೆಟ್ಟ ಗುಣವೆಂದರೆ ಸದ್ದಿಲ್ಲದಿರುವುದು. ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ದಡದವರು ದಾಖಲೆ ಮುರಿಯುತ್ತಿದ್ದಾನೆಂದು ಎಣಿಸುತ್ತಲೇ ಇರುತ್ತಾರೆ. ಆದ್ದರಿಂದ ಮುಳುಗಿರುವ ಪಂದ್ಯವನ್ನು ಕಟ್ಟಲೇಬಾರದು, ಧುಮುಕುವ ಮುನ್ನ ಪದೇ ಪದೇ ಜೋರಾಗಿ ಉಸಿರಾಡಬಾರದು, ಒಬ್ಬರೇ ನೀರಿಗಿಳಿಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕಂತೂ ಇಳಿಯಲೇಬಾರದು, ಜಾರುವ ಹಾಳೆಯ ಮೇಲೆ ಎಚ್ಚರವಿದ್ದವನೂ ಹತ್ತಿ ಬರಲಾರ. ದಡದಲ್ಲಿ ಒಂದು ಉದ್ದ ಹಗ್ಗ ಸದಾ ಇರಬೇಕು. ಈಜು ಬಾರದವರು ಧುಮುಕದೆ ಹಗ್ಗವನ್ನೋ ಸೀರೆಯನ್ನೋ ಎಸೆಯಬೇಕು.

ಮೇಲೆತ್ತಿದವನು ಉಸಿರಾಡುತ್ತಿಲ್ಲವಾದರೆ ಹೊಟ್ಟೆ ಅದುಮುವುದು, ತಲೆಯ ಮೇಲೆ ಹೊತ್ತು ತಿರುಗಿಸುವುದು ಮುಂತಾದ ಹಳೆಯ ರೂಢಿಗಳಲ್ಲಿ ಹೊತ್ತು ಕಳೆಯಬಾರದು. ಅವನಲ್ಲಿ ಈಗ ಇಲ್ಲದಿರುವುದು ಆಮ್ಲಜನಕ. ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಉಸಿರೂದಬೇಕು. ಎದೆಯ ನಡುವೆ ಅಂಗೈಯಿಟ್ಟು ಬಲವಾಗಿ ಒತ್ತಬೇಕು. ಮೂವತ್ತು ಸಲ ಒತ್ತಿ ಎರಡು ಸಲ ಊದುತ್ತ, 108ರ ವಾಹನ ಬರುವವರೆಗೆ ನಿಲ್ಲಿಸಬಾರದು. ನೆಲದ ಮೇಲೆ ಕಳೆಯುವ ಪ್ರತಿ ನಿಮಿಷವನ್ನೂ ಅವನ ಮಿದುಳು ಎಣಿಸುತ್ತಿರುತ್ತದೆ.

ಕೋಟಿಗಟ್ಟಲೆ ವರ್ಷಗಳಲ್ಲಿ ಸೀಲಿನ ವಂಶ ತನ್ನ ರಕ್ತವನ್ನು, ಸ್ನಾಯುವನ್ನು, ಹೃದಯವನ್ನು ನೀರಿಗೆ ಹೊಂದಿಸಿಕೊಂಡಿತು. ಅಷ್ಟಾದರೂ ಅದು ದಿನನಿತ್ಯ ತನ್ನ 20 ನಿಮಿಷದ ಗೆರೆಯೊಳಗೇ ಮೇಲೆ ಬರುತ್ತದೆ. ಬಾವಿಗಿಳಿಯುವ ಹುಡುಗನ ಗೆರೆ ಅದಕ್ಕಿಂತ ಬಹಳ ಹತ್ತಿರದಲ್ಲಿದೆ, ಮತ್ತು ಅದನ್ನು ದಾಟಿದವನಿಗೆ ಸಾಲ ಕೊಡುವವರು ಯಾರೂ ಇಲ್ಲ.